‘ಅವಕಾಶವಿಲ್ಲ’ ಎಂಬ ಹಿಂಬರಹದ ನಂತರ

ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರ ಕೈಗೆ ಬರುವ ಹಿಂಬರಹಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ: ‘ತಾವು ಕೋರಿರುವ ಮೊತ್ತವನ್ನು ಪಾವತಿಸಲು ಕರಾರಿನಲ್ಲಿ ಅವಕಾಶವಿರುವುದಿಲ್ಲ.’ ಕೆಳಗೆ ಕಾರ್ಯಪಾಲಕ ಎಂಜಿನಿಯರರ ಸಹಿ, ಮೊಹರು, ದಿನಾಂಕ. ಅಲ್ಲಿಗೆ ಮುಗಿಯಿತು ಎಂದು ಕೆಲವರು ಫೈಲು ಕಟ್ಟಿಡುತ್ತಾರೆ. ಕೆಲವರು ‘ದಯವಿಟ್ಟು ಮರುಪರಿಶೀಲಿಸಿ’ ಎಂದು ಅದೇ ಕಚೇರಿಗೆ ಮನವಿಯ ಮೇಲೆ ಮನವಿ ಬರೆಯುತ್ತಾರೆ. ಇನ್ನು ಕೆಲವರು ನೇರವಾಗಿ ವಕೀಲರ ಬಳಿಗೆ ಹೋಗಿ ಆರ್ಬಿಟ್ರೇಟರ್ ನೇಮಕಕ್ಕೆ ಅರ್ಜಿ ಹಾಕಿಸುತ್ತಾರೆ. ಈ ಮೂರೂ ದಾರಿಗಳಲ್ಲಿ ಹಣ ಕಳೆದುಕೊಂಡವರಿದ್ದಾರೆ. ಆ ಹಿಂಬರಹದ ನಂತರ ಮೊದಲು ಬರೆಯಬೇಕಾದದ್ದು ಬೇರೆಯೇ ಒಂದು ಪತ್ರ: ವಿವಾದದ ನೋಟಿಸು.

ಕಾಮಗಾರಿ ಕರಾರುಗಳಲ್ಲಿ ಕೆಲಸ ಕೊಟ್ಟವರನ್ನು ‘ಎಂಪ್ಲಾಯರ್’ ಎಂದು ಕರೆಯುತ್ತಾರೆ. ರಸ್ತೆಗೆ ಲೋಕೋಪಯೋಗಿ ಇಲಾಖೆ, ಕಾಲುವೆಗೆ ನೀರಾವರಿ ನಿಗಮ, ಶಾಲಾ ಕಟ್ಟಡಕ್ಕೆ ಜಿಲ್ಲಾ ಪಂಚಾಯತಿ, ಹೀಗೆ. ತನ್ನ ಹಕ್ಕಿನ ಹಣವನ್ನು ಕೇಳಿ ಗುತ್ತಿಗೆದಾರ ಬರೆಯುವುದು ಕ್ಲೇಮು. ಅದನ್ನು ತಿರಸ್ಕರಿಸಿದಾಗ, ‘ನಿಮ್ಮ ನಿರ್ಧಾರವನ್ನು ನಾನು ಒಪ್ಪುವುದಿಲ್ಲ, ಕಾರಣಗಳು ಇವು, ಕರಾರಿನ ಇಂಥ ಷರತ್ತಿನಂತೆ ಇಂಥವರು ಇದನ್ನು ತೀರ್ಮಾನಿಸಲಿ’ ಎಂದು ಬರೆಯುವುದು ವಿವಾದದ ನೋಟಿಸು. ಎರಡೂ ಪತ್ರಗಳೇ ಆದರೂ ಕಾನೂನಿನ ಕಣ್ಣಿಗೆ ಅವುಗಳ ಕೆಲಸ ಬೇರೆ ಬೇರೆ.

ವಿವಾದ ಹುಟ್ಟುವುದು ಯಾವಾಗ?

ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ ಮೇಜರ್ ಇಂದರ್ ಸಿಂಗ್ ರೇಖಿ ಎಂಬ ಗುತ್ತಿಗೆದಾರರು ನಡೆಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಹಣ ಬಾಕಿ ಉಳಿದ ಮಾತ್ರಕ್ಕೆ ವಿವಾದ ಹುಟ್ಟುವುದಿಲ್ಲ. ಒಬ್ಬರು ಹಕ್ಕು ಮಂಡಿಸಿರಬೇಕು, ಇನ್ನೊಬ್ಬರು ಅದನ್ನು ನಿರಾಕರಿಸಿರಬೇಕು. ಅದೇ ತೀರ್ಪು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು: ದಾವೆ ಹೂಡುವ ಕಾರಣ ಒಮ್ಮೆ ಹುಟ್ಟಿದ ಮೇಲೆ ನೆನಪೋಲೆಗಳನ್ನು ಬರೆಯುತ್ತಾ ಹೋಗಿ ಅದನ್ನು ಮುಂದೂಡಲಾಗದು.

ಎರಡನೆಯ ಮಾತು ನಮ್ಮ ಗುತ್ತಿಗೆದಾರರಿಗೆ ಹೆಚ್ಚು ತಟ್ಟುವಂಥದ್ದು. ಹಿಂಬರಹ ಬಂದ ಮೇಲೂ ವರ್ಷಗಟ್ಟಲೆ ವಿಭಾಗ ಕಚೇರಿಗೆ ಅಲೆಯುತ್ತಾ, ಸಾಹೇಬರು ವರ್ಗವಾದಾಗಲೆಲ್ಲ ಹೊಸಬರಿಗೆ ಹೊಸ ಮನವಿ ಕೊಡುತ್ತಾ ಕಾಯುವವರು ಸಾಕಷ್ಟಿದ್ದಾರೆ. ಕಾಲಮಿತಿ ಕಾಯಿದೆ ಇಂಥ ಹಕ್ಕುಗಳಿಗೆ ಸಾಮಾನ್ಯವಾಗಿ ಕೊಡುವುದು ಮೂರು ವರ್ಷ. ಮನವಿಗಳು ಎಷ್ಟೇ ಇದ್ದರೂ ಆ ಮೂರು ವರ್ಷ ಹಿಗ್ಗುವುದಿಲ್ಲ. ಮೇಲಾಗಿ ಕರಾರಿನೊಳಗಿನ ಗಡುವುಗಳು ಇದಕ್ಕಿಂತ ಬಹಳ ಚಿಕ್ಕವು.

29ನೆಯ ಷರತ್ತು ಹೇಳುವುದೇನು?

ಕರ್ನಾಟಕ ಸರ್ಕಾರದ ಕಾಮಗಾರಿ ಕರಾರುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ, ನ್ಯಾಯಾಲಯಗಳಲ್ಲಿ ಹಲವು ಸಲ ಚರ್ಚೆಯಾದ ಒಂದು ಷರತ್ತಿದೆ. ಅದು 29ನೆಯದು. ಅದರ ಸಾರ ಹೀಗಿದೆ. ನಕ್ಷೆ, ವಿನ್ಯಾಸ, ಕೆಲಸದ ಗುಣಮಟ್ಟ, ಹಣದ ಹಕ್ಕು ಹೀಗೆ ಕರಾರಿಗೆ ಸಂಬಂಧಿಸಿದ ಯಾವುದೇ ವಿಷಯದಲ್ಲಿ ಕಾರ್ಯಪಾಲಕ ಅಥವಾ ಅಧೀಕ್ಷಕ ಎಂಜಿನಿಯರರಿಗೂ ಗುತ್ತಿಗೆದಾರರಿಗೂ ವಿವಾದ ಬಂದರೆ, ಅದನ್ನು ಮೊದಲು ಆ ಕಾಮಗಾರಿಯ ವ್ಯಾಪ್ತಿಯ ಮುಖ್ಯ ಎಂಜಿನಿಯರರಿಗೆ ಒಪ್ಪಿಸಬೇಕು. ಗುತ್ತಿಗೆದಾರರು ಕೋರಿದ 90 ದಿನಗಳೊಳಗೆ ಮುಖ್ಯ ಎಂಜಿನಿಯರರು ಲಿಖಿತ ನಿರ್ಧಾರ ಕೊಡಬೇಕು. ಆ ನಿರ್ಧಾರ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 90 ದಿನಗಳೊಳಗೆ ಮುಖ್ಯ ಎಂಜಿನಿಯರರಿಗೆ ಲಿಖಿತ ನೋಟಿಸು ಕೊಟ್ಟು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ನೋಟಿಸು ಕೊಡದೆ ಸುಮ್ಮನಿದ್ದರೆ ಆ ನಿರ್ಧಾರವೇ ಅಂತಿಮ. ಮುಖ್ಯ ಎಂಜಿನಿಯರರು 90 ದಿನ ಕಳೆದರೂ ಉತ್ತರಿಸದಿದ್ದರೆ, ಮುಂದಿನ 90 ದಿನಗಳೊಳಗೆ ಅವರಿಗೆ ನೋಟಿಸು ಕೊಟ್ಟು ನ್ಯಾಯಾಲಯದ ದಾರಿ ಹಿಡಿಯಬಹುದು. ವಿವಾದ ನಡೆಯುತ್ತಿದೆ ಎಂಬ ನೆಪದಲ್ಲಿ ಕೆಲಸ ನಿಲ್ಲಿಸುವಂತಿಲ್ಲ.

ಈ ಷರತ್ತಿನಲ್ಲಿ ‘ಅಂತಿಮ’, ‘ಬದ್ಧ’ ಎಂಬ ಪದಗಳಿರುವುದರಿಂದ ಇದು ಆರ್ಬಿಟ್ರೇಶನ್ ಷರತ್ತೇ ಎಂದು ಅನೇಕ ಗುತ್ತಿಗೆದಾರರು ನಂಬಿದ್ದರು. ಹೈಕೋರ್ಟಿಗೆ ಹೋಗಿ ಆರ್ಬಿಟ್ರೇಟರ್ ನೇಮಿಸಿಕೊಡಿ ಎಂದು ಕೇಳಿದರು. ಹೈಕೋರ್ಟು ಒಪ್ಪಲಿಲ್ಲ. ಪಿ. ದಶರಥರಾಮ ರೆಡ್ಡಿ ಕಾಂಪ್ಲೆಕ್ಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ ಇತರ ಮೇಲ್ಮನವಿಗಳೊಂದಿಗೆ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಸುಪ್ರೀಂ ಕೋರ್ಟು ಕೂಡ ಇದು ಆರ್ಬಿಟ್ರೇಶನ್ ಒಪ್ಪಂದವಲ್ಲ ಎಂದೇ ತೀರ್ಪು ಕೊಟ್ಟಿತು. ಮುಖ್ಯ ಎಂಜಿನಿಯರರು ಕಾಮಗಾರಿಯ ಮೇಲ್ವಿಚಾರಣೆ ಹೊತ್ತ ಇಲಾಖೆಯ ಅಧಿಕಾರಿ. ಅವರು ಕೊಡುವುದು ಆಡಳಿತಾತ್ಮಕ ನಿರ್ಧಾರವೇ ಹೊರತು, ಎರಡೂ ಕಡೆಯವರ ಸಾಕ್ಷ್ಯ ಕೇಳಿ ನ್ಯಾಯಾಧೀಶರಂತೆ ಕೊಡುವ ತೀರ್ಪಲ್ಲ. ಆ ನಿರ್ಧಾರ ಒಪ್ಪದವರಿಗೆ ನ್ಯಾಯಾಲಯದ ಬಾಗಿಲು ತೆರೆದಿದೆ ಎಂದು ಷರತ್ತೇ ಹೇಳುತ್ತದೆ.

ಆ ಗುತ್ತಿಗೆದಾರರ ಅರ್ಜಿಗಳು ಬಿದ್ದುಹೋದದ್ದು ದಾರಿ ತಪ್ಪಿದ್ದರಿಂದ. ಅವರ ಕ್ಲೇಮುಗಳು ನ್ಯಾಯವೋ ಅಲ್ಲವೋ ಎಂಬ ಪ್ರಶ್ನೆಯವರೆಗೆ ವಿಚಾರಣೆ ಬರಲೇ ಇಲ್ಲ. ವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ಸದ್ಭಾವನೆಯಿಂದ, ಶ್ರದ್ಧೆಯಿಂದ ಹೋರಾಡಿದವರಿಗೆ ಆ ಕಾಲವನ್ನು ಕಳೆದು ಲೆಕ್ಕ ಹಾಕಲು ಕಾಲಮಿತಿ ಕಾಯಿದೆಯ 14ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ಈ ತೀರ್ಪು ಬಂದು ಇಷ್ಟು ವರ್ಷಗಳಾದ ಮೇಲೂ ಅದೇ ಷರತ್ತಿನ ಅಡಿಯಲ್ಲಿ ಆರ್ಬಿಟ್ರೇಟರ್ ಬೇಕೆಂದು ಅಲೆದವರು ‘ಗೊತ್ತಾಗಲಿಲ್ಲ’ ಎಂದರೆ ನ್ಯಾಯಾಲಯ ಕೇಳುವುದು ಕಷ್ಟ.

ಒಂದು ಕಾಮಗಾರಿ, ಒಂದು ಕ್ಲೇಮು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 8 ಕಿಲೋಮೀಟರ್ ರಸ್ತೆ ಅಗಲಗೊಳಿಸುವ ಕೆಲಸ, 6 ಕೋಟಿ ರೂಪಾಯಿ, 12 ತಿಂಗಳ ಅವಧಿ. ಕರಾರಿನಲ್ಲಿ 29ನೆಯ ಷರತ್ತು ಇದೆ. ಕಾರ್ಯಾದೇಶ 2023ರ ಜನವರಿ 2ರಂದು ಬಂತು. ಮಧ್ಯದ 3 ಕಿಲೋಮೀಟರಿನಲ್ಲಿ ಜಮೀನಿನ ಪರಿಹಾರ ಇತ್ಯರ್ಥವಾಗಿರಲಿಲ್ಲ, ವಿದ್ಯುತ್ ಕಂಬಗಳನ್ನೂ ಸರಿಸಿರಲಿಲ್ಲ. ಆ ಭಾಗ ಗುತ್ತಿಗೆದಾರರ ವಶಕ್ಕೆ ಬಂದದ್ದು ಸೆಪ್ಟೆಂಬರ್ 5ರಂದು. ಅಷ್ಟು ದಿನ ಹಿಟಾಚಿ, ರೋಲರ್, ಟಿಪ್ಪರುಗಳು ನಿಂತಲ್ಲೇ ನಿಂತವು. ಇಲಾಖೆ ದಂಡವಿಲ್ಲದೆ ಅವಧಿ ವಿಸ್ತರಿಸಿತು. ಗುತ್ತಿಗೆದಾರರು ಖಾಲಿ ನಿಂತ ಯಂತ್ರಗಳಿಗೆ 21 ಲಕ್ಷ, ಸೈಟಿನ ಸಿಬ್ಬಂದಿ ಮತ್ತು ಕಚೇರಿ ವೆಚ್ಚಕ್ಕೆ 9 ಲಕ್ಷ, ಏರಿದ ಡಾಂಬರಿನ ದರಕ್ಕೆ 8 ಲಕ್ಷ, ಒಟ್ಟು 38 ಲಕ್ಷ ರೂಪಾಯಿ ಕೇಳಿದರು. 2024ರ ಮಾರ್ಚ್ 12ರಂದು ಹಿಂಬರಹ ಬಂತು: ‘ಅವಧಿ ವಿಸ್ತರಿಸಲಾಗಿದೆ; ಹಣ ಪಾವತಿಗೆ ಅವಕಾಶವಿಲ್ಲ.’

ಈಗ ಬರೆಯಬೇಕಾದ ನೋಟಿಸು ಮುಖ್ಯ ಎಂಜಿನಿಯರರ ಹೆಸರಿಗೆ ಹೋಗಬೇಕು, ಕಾರ್ಯಪಾಲಕ ಎಂಜಿನಿಯರರಿಗೆ ಪ್ರತಿ. ವಿಷಯದ ಸಾಲಿನಲ್ಲಿಯೇ ಕರಾರಿನ ಸಂಖ್ಯೆ, ಕಾಮಗಾರಿಯ ಹೆಸರು ಮತ್ತು ‘29ನೆಯ ಷರತ್ತಿನ ಪ್ರಕಾರ ವಿವಾದವನ್ನು ತಮ್ಮ ನಿರ್ಧಾರಕ್ಕೆ ಒಪ್ಪಿಸುವ ಬಗ್ಗೆ’ ಎಂಬ ಮಾತು ಇರಬೇಕು. ‘ಬಾಕಿ ಪಾವತಿಗಾಗಿ ಮನವಿ’ ಎಂದು ಬರೆದರೆ ಅದು ಮತ್ತೊಂದು ಮನವಿಯಾಗಿ ಕಟ್ಟಿಗೆ ಸೇರುತ್ತದೆ. ಮುಂದೆ ನ್ಯಾಯಾಲಯದಲ್ಲಿ ‘ಇವರು ವಿವಾದವನ್ನು ನಮಗೆ ಒಪ್ಪಿಸಲೇ ಇಲ್ಲ’ ಎಂದು ವಾದಿಸಲು ಇಲಾಖೆಗೆ ದಾರಿಯಾಗುತ್ತದೆ.

ಮೊದಲ ಪ್ಯಾರಾದಲ್ಲಿ ಯಾವ ತಾರೀಖಿನ ಕ್ಲೇಮು, ಎಷ್ಟು ಮೊತ್ತ, ಯಾವ ತಾರೀಖಿನ ಯಾವ ಸಂಖ್ಯೆಯ ಹಿಂಬರಹದಲ್ಲಿ ತಿರಸ್ಕಾರ ಎಂಬುದಷ್ಟೇ ಸಾಕು. ಕ್ಲೇಮಿಗೆ ಉತ್ತರವೇ ಬಾರದಿದ್ದಾಗ ‘ಇಂಥ ತಾರೀಖಿನ ಪತ್ರಕ್ಕೆ ಇಂದಿನವರೆಗೆ ಉತ್ತರವಿಲ್ಲ, ಇದನ್ನು ನಿರಾಕರಣೆ ಎಂದೇ ಭಾವಿಸಿ ವಿವಾದವನ್ನು ಒಪ್ಪಿಸುತ್ತಿದ್ದೇವೆ’ ಎಂದು ಸ್ಪಷ್ಟವಾಗಿ ಬರೆಯಬೇಕು. ವಿವಾದ ಹುಟ್ಟಿದ ದಿನ ಯಾವುದು ಎಂಬ ಪ್ರಶ್ನೆಗೆ ಆ ಸಾಲೇ ಉತ್ತರವಾಗುತ್ತದೆ.

ಕಾರಣಗಳನ್ನು ಕಟ್ಟುವ ಬಗೆ

ನೋಟಿಸಿನ ಬಲವಿರುವುದು ಕಾರಣಗಳಲ್ಲಿ. ಇಲ್ಲಿ ಬಹಳಷ್ಟು ಪತ್ರಗಳು ಕಷ್ಟ ಹೇಳಿಕೊಳ್ಳುವುದರಲ್ಲೇ ಮುಗಿಯುತ್ತವೆ: ಬ್ಯಾಂಕಿನ ಬಡ್ಡಿ ಏರಿದೆ, ಕೂಲಿ ಕೊಡಲಾಗುತ್ತಿಲ್ಲ, ಮಾನವೀಯತೆಯಿಂದ ಪರಿಗಣಿಸಿ. ಇವು ನಿಜವೇ ಇರಬಹುದು. ಆದರೆ ನಿರ್ಧಾರ ಕೊಡಬೇಕಾದ ಅಧಿಕಾರಿ ಲೆಕ್ಕ ಪರಿಶೋಧನೆಗೆ ಉತ್ತರಿಸಬೇಕು. ಹಣ ಬಿಡುಗಡೆ ಮಾಡಲು ಅವರಿಗೆ ಬೇಕಾದದ್ದು ನಡೆದ ಸಂಗತಿ, ಕರಾರಿನ ಆಧಾರ, ಮೊತ್ತದ ಲೆಕ್ಕ. ಪ್ರತಿ ತಲೆಬರಹದ ಕೆಳಗೆ ಈ ಮೂರೂ ಒಂದರ ಹಿಂದೆ ಒಂದು ಬರಬೇಕು.

ನಮ್ಮ ಉದಾಹರಣೆಯ 21 ಲಕ್ಷವನ್ನೇ ನೋಡೋಣ. ಸಂಗತಿ: ಯಾವ ಸರಪಳಿಯಿಂದ ಯಾವ ಸರಪಳಿಯವರೆಗೆ ಜಾಗ ಸಿಗಲಿಲ್ಲ, ಯಾವ ದಿನ ಸಿಕ್ಕಿತು. ಇದಕ್ಕೆ ಜಾಗ ವಹಿಸಿಕೊಟ್ಟ ಪತ್ರ, ಸೈಟ್ ಆರ್ಡರ್ ಪುಸ್ತಕದ ನಮೂದು, ಎಇಇ ಅವರೊಂದಿಗೆ ಮಾಡಿದ ಜಂಟಿ ಪರಿಶೀಲನೆಯ ಟಿಪ್ಪಣಿ ಆಧಾರ. ಹಕ್ಕು: ಜಾಗ ಒದಗಿಸುವ ಹೊಣೆ ಇಲಾಖೆಯದು ಎಂದು ಹೇಳುವ ಕರಾರಿನ ಸಾಲು. ಅದರ ಜೊತೆಗೆ ಭಾರತೀಯ ಕರಾರು ಕಾಯಿದೆಯ 54ನೆಯ ಕಲಮು. ಒಬ್ಬರು ತಮ್ಮ ಪಾಲಿನ ಕೆಲಸ ಮಾಡದೆ ಇನ್ನೊಬ್ಬರು ತಮ್ಮದನ್ನು ಮಾಡಲಾಗದ ಸ್ಥಿತಿ ಇದ್ದರೆ, ಮೊದಲನೆಯವರು ನಷ್ಟ ತುಂಬಿಕೊಡಬೇಕು ಎನ್ನುವುದು ಅದರ ಅರ್ಥ. ಲೆಕ್ಕ: ಪ್ರತಿ ಯಂತ್ರದ ನೋಂದಣಿ ಸಂಖ್ಯೆ, ಅದು ಸೈಟಿನಲ್ಲಿ ನಿಂತ ದಿನಗಳು, ದಿನದ ದರ. ಉಳಿದ 5 ಕಿಲೋಮೀಟರಿನಲ್ಲಿ ಅದೇ ಯಂತ್ರ ದುಡಿದ ದಿನಗಳನ್ನು ತಾವಾಗಿಯೇ ಕಳೆದು ತೋರಿಸಬೇಕು. ಕಳೆಯದೆ ಬಿಟ್ಟರೆ ಇಲಾಖೆ ಲಾಗ್‌ಬುಕ್ ತೆಗೆದು ಒಂದೇ ದಿನದ ತಪ್ಪನ್ನು ತೋರಿಸಿದರೂ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ.

ಕಾರಣಗಳಲ್ಲಿ ಇನ್ನೊಂದು ಅಂಶ ತಪ್ಪದೆ ಇರಬೇಕು. ಕರಾರು ಕಾಯಿದೆಯ 55ನೆಯ ಕಲಮಿನ ಪ್ರಕಾರ, ಎದುರಿನವರು ತಡವಾಗಿ ಮಾಡಿದ್ದನ್ನು ಒಪ್ಪಿಕೊಂಡವರು, ಒಪ್ಪಿಕೊಳ್ಳುವಾಗಲೇ ‘ನಷ್ಟ ಕೇಳುವ ಉದ್ದೇಶ ನನಗಿದೆ’ ಎಂದು ತಿಳಿಸಿರಬೇಕು. ಇಲ್ಲದಿದ್ದರೆ ಆಮೇಲೆ ಕೇಳಲಾಗದು. ಆದ್ದರಿಂದ ಸೆಪ್ಟೆಂಬರ್ 5ರಂದು ಜಾಗ ಪಡೆದಾಗ, ಅವಧಿ ವಿಸ್ತರಣೆಗೆ ಸಹಿ ಹಾಕಿದಾಗ ಬರೆದ ಪತ್ರಗಳು ಇಲ್ಲಿ ಪ್ರಾಣವಿದ್ದಂತೆ. ಅವುಗಳ ತಾರೀಖನ್ನು ನೋಟಿಸಿನಲ್ಲಿ ಎತ್ತಿ ಹೇಳಬೇಕು. ಆಗ ಏನೂ ಬರೆಯದೆ ಈಗ ನೋಟಿಸಿನಲ್ಲಿ ಎಷ್ಟು ಬರೆದರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ.

ಹಿಂಬರಹದ ಕಾರಣಕ್ಕೂ ನೇರ ಉತ್ತರ ಬೇಕು. ‘ಅವಕಾಶವಿಲ್ಲ’ ಎಂದವರು ಯಾವ ಷರತ್ತನ್ನು ಉಲ್ಲೇಖಿಸಿದ್ದಾರೆ? ಯಾವುದನ್ನೂ ಉಲ್ಲೇಖಿಸಿಲ್ಲದಿದ್ದರೆ ಅದನ್ನೇ ಬರೆಯಬೇಕು. ‘ಇಲಾಖೆಯಿಂದ ವಿಳಂಬವಾದರೂ ಅವಧಿ ಮಾತ್ರ ವಿಸ್ತರಣೆ, ಪರಿಹಾರವಿಲ್ಲ’ ಎಂಬ ಷರತ್ತು ಕರಾರಿನಲ್ಲಿ ನಿಜವಾಗಿಯೂ ಇದ್ದರೆ ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಅಂಥ ಷರತ್ತನ್ನು ಎತ್ತಿಹಿಡಿದು ಗುತ್ತಿಗೆದಾರರ ಪರಿಹಾರ ನಿರಾಕರಿಸಿದ ಸುಪ್ರೀಂ ಕೋರ್ಟಿನ ತೀರ್ಪು ಇದೆ. 2006ರ ರಾಮನಾಥ್ ಇಂಟರ್‌ನ್ಯಾಷನಲ್ ಪ್ರಕರಣ ಅಂಥದ್ದು. ಷರತ್ತಿನ ಪದಗಳು ತನ್ನ ಸಂದರ್ಭಕ್ಕೆ ಏಕೆ ಅನ್ವಯಿಸುವುದಿಲ್ಲ ಎಂದು ಗುತ್ತಿಗೆದಾರರೇ ಮೊದಲು ಹೇಳಿಬಿಡುವುದು ಮೇಲು. ಹೇಳಲು ಏನೂ ಇಲ್ಲ ಎನಿಸಿದರೆ ಆ ಭಾಗದ ಕ್ಲೇಮನ್ನು ಕೈಬಿಟ್ಟು ಉಳಿದದ್ದರ ಮೇಲೆ ನಿಲ್ಲುವುದೇ ಜಾಣತನ.

ಇಲಾಖೆಯ ಮಾತೇ ಕೊನೆಯ ಮಾತೇ ಎಂಬ ಅಂಜಿಕೆ ಬೇಡ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಪ್ರಕರಣದಲ್ಲಿ ಕರಾರು ಉಲ್ಲಂಘನೆಯ ನಷ್ಟವನ್ನು ನಿಗದಿ ಮಾಡುವ ಅಧಿಕಾರವನ್ನು ಕರಾರು ಸರ್ಕಾರಕ್ಕೇ ಕೊಟ್ಟಿತ್ತು. ಉಲ್ಲಂಘನೆಯಾಗಿದೆಯೇ ಎಂಬುದೇ ವಿವಾದವಾದಾಗ, ಕರಾರಿನ ಒಂದು ಪಕ್ಷವೇ ಅದನ್ನು ತೀರ್ಮಾನಿಸಲಾಗದು ಎಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ದಾರಿಯನ್ನು ಹೆಸರಿಸಿ ಹೇಳುವುದು

ನೋಟಿಸಿನ ಕೊನೆಯ ಭಾಗ ಮುಂದಿನ ದಾರಿಯದು. ಇಲ್ಲಿ ‘ಕಾನೂನು ಕ್ರಮ ಜರುಗಿಸಲಾಗುವುದು’ ಎಂಬ ಬೆದರಿಕೆಯ ಸಾಲು ಯಾವ ಪ್ರಯೋಜನಕ್ಕೂ ಬಾರದು. ನಮ್ಮ ಉದಾಹರಣೆಯಲ್ಲಿ ಆ ಭಾಗ ಹೀಗಿರಬಹುದು:

‘ಮೇಲಿನ ಕಾರಣಗಳಿಂದ 12-3-2024ರ ಹಿಂಬರಹವನ್ನು ನಾವು ಒಪ್ಪುವುದಿಲ್ಲ. ಆದ್ದರಿಂದ ಕರಾರಿನ 29ನೆಯ ಷರತ್ತಿನಂತೆ ಈ ವಿವಾದವನ್ನು ತಮ್ಮ ನಿರ್ಧಾರಕ್ಕೆ ಒಪ್ಪಿಸುತ್ತಿದ್ದೇವೆ. ಈ ಪತ್ರ ತಲುಪಿದ 90 ದಿನಗಳೊಳಗೆ ಲಿಖಿತ ನಿರ್ಧಾರ ನೀಡಬೇಕೆಂದು ಕೋರುತ್ತೇವೆ. ತಾವು ದಿನ ನಿಗದಿಪಡಿಸಿದರೆ ಮೂಲ ದಾಖಲೆಗಳೊಂದಿಗೆ ಹಾಜರಾಗಿ ವಿವರಿಸಲು ಸಿದ್ಧರಿದ್ದೇವೆ. ನಿರ್ಧಾರ ನಮಗೆ ಒಪ್ಪಿಗೆಯಾಗದಿದ್ದರೆ ಅಥವಾ ಅವಧಿಯೊಳಗೆ ಬಾರದಿದ್ದರೆ ಅದೇ ಷರತ್ತಿನಂತೆ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ. ಕಾಮಗಾರಿಯನ್ನು ಮುಂದುವರಿಸುತ್ತೇವೆ.’

ಇದರಲ್ಲಿ ಒಂದೂ ಗಡಸು ಪದವಿಲ್ಲ. ಆದರೂ ಪ್ರತಿ ವಾಕ್ಯಕ್ಕೂ ಕೆಲಸವಿದೆ. ಹಿಂಬರಹವನ್ನು ಒಪ್ಪಿಲ್ಲ ಎಂಬುದು ದಾಖಲಾಯಿತು. ಸರಿಯಾದ ಅಧಿಕಾರಿಗೆ, ಸರಿಯಾದ ಷರತ್ತಿನಡಿ ಕೇಳಿದ್ದಾಯಿತು. ದಿನಗಳ ಎಣಿಕೆ ಶುರುವಾಯಿತು. ಮಾತುಕತೆಗೂ ಬಾಗಿಲು ತೆರೆದಿದೆ. ಕೆಲಸ ನಿಲ್ಲಿಸಿದರು ಎಂಬ ಆರೋಪಕ್ಕೆ ಎಡೆಯಿಲ್ಲ.

ಪತ್ರವನ್ನು ಟಪಾಲು ವಿಭಾಗಕ್ಕೆ ಖುದ್ದಾಗಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕು. ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು. 90 ದಿನದ ಎಣಿಕೆ ನಿಂತಿರುವುದು ಆ ಮೊಹರಿನ ಮೇಲೆ. ವಾಟ್ಸ್ಆ್ಯಪಿನಲ್ಲಿ ಸಾಹೇಬರಿಗೆ ಕಳಿಸಿದ ಪಿಡಿಎಫ್ ಅದಕ್ಕೆ ಬದಲಿಯಲ್ಲ.

ಉತ್ತರ ಬಾರದಿದ್ದರೆ

ನಮ್ಮ ಗುತ್ತಿಗೆದಾರರ ನೋಟಿಸು 2024ರ ಮಾರ್ಚ್ 25ರಂದು ತಲುಪಿತು ಎನ್ನೋಣ. ಮುಖ್ಯ ಎಂಜಿನಿಯರರ 90 ದಿನ ಜೂನ್ 23ಕ್ಕೆ ಮುಗಿಯಿತು. ಉತ್ತರವಿಲ್ಲ. ಎರಡನೆಯ 90 ದಿನ ಸೆಪ್ಟೆಂಬರ್ 21ಕ್ಕೆ ಮುಗಿಯುತ್ತದೆ. ಬಿಡುವು ಸಾಕಷ್ಟಿದೆ ಎಂದು ಕಾಣುತ್ತದೆ, ಆದರೆ ಇಲ್ಲ.

ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು. ಅದು ವಿವಾದದ ನೋಟಿಸಲ್ಲ, ಅದರ ವಿಳಾಸವೂ ಬೇರೆ: ರಾಜ್ಯ ಸರ್ಕಾರದ ವಿಷಯದಲ್ಲಿ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ತಲುಪಬೇಕು. ದಾವೆದಾರರ ಹೆಸರು, ವಿಳಾಸ, ದಾವೆಗೆ ಕಾರಣ, ಬೇಡುವ ಪರಿಹಾರ ಅದರಲ್ಲಿರಬೇಕು. ಮುಖ್ಯ ಎಂಜಿನಿಯರರಿಗೆ ಎಷ್ಟೇ ಪತ್ರ ಬರೆದಿದ್ದರೂ ಇದನ್ನು ಬಿಟ್ಟರೆ ದಾವೆಗೆ ತಡೆ ಬೀಳಬಹುದು.

ಮತ್ತೊಂದು ಮೆಟ್ಟಿಲೂ ಇದೆ. ಕಾಮಗಾರಿ ಕರಾರಿನ ವಿವಾದ ವಾಣಿಜ್ಯ ವಿವಾದ. 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂಥ ವಿವಾದಗಳು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ತುರ್ತು ಮಧ್ಯಂತರ ಆದೇಶ ಬೇಕಾದ ಪ್ರಕರಣ ಬಿಟ್ಟರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಹೇಳಿತು. ಈ ಮಧ್ಯಸ್ಥಿಕೆಗೆ ಮೂರು ತಿಂಗಳು, ಎರಡೂ ಕಡೆ ಒಪ್ಪಿದರೆ ಇನ್ನೆರಡು ತಿಂಗಳು.

ಎರಡು ತಿಂಗಳ ನೋಟಿಸು, ಮೂರು ತಿಂಗಳ ಮಧ್ಯಸ್ಥಿಕೆ, ಕರಾರಿನ 90 ದಿನ: ಇವು ಒಂದರೊಳಗೊಂದು ಸಲೀಸಾಗಿ ಕೂಡುವುದಿಲ್ಲ. ಸೆಪ್ಟೆಂಬರ್ ಬರಲಿ ಎಂದು ಕುಳಿತವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಜೂನ್ ಕೊನೆಯ ವಾರದಲ್ಲೇ ಮುಖ್ಯ ಎಂಜಿನಿಯರರಿಗೆ ‘ನಿರ್ಧಾರ ಬಂದಿಲ್ಲ, 29ನೆಯ ಷರತ್ತಿನಂತೆ ನ್ಯಾಯಾಲಯಕ್ಕೆ ಹೋಗುತ್ತಿದ್ದೇವೆ’ ಎಂಬ ನೋಟಿಸು, ಅದೇ ವಾರ 80ನೆಯ ಕಲಮಿನ ನೋಟಿಸು, ಮಧ್ಯಸ್ಥಿಕೆಯ ಅರ್ಜಿ ಇವನ್ನು ಒಟ್ಟಿಗೆ ಹೊರಡಿಸುವುದು ಕ್ಷೇಮ. ಗಡುವು ಮೀರಿದ ಮಾತ್ರಕ್ಕೆ ಹಕ್ಕೇ ಅಳಿಯುತ್ತದೆ ಎನ್ನುವ ಕರಾರಿನ ಷರತ್ತು ಅಷ್ಟರಮಟ್ಟಿಗೆ ಅನೂರ್ಜಿತ ಎಂದು ಕರಾರು ಕಾಯಿದೆಯ 28ನೆಯ ಕಲಮು ಹೇಳುತ್ತದೆ. 1997ರಿಂದ ಜಾರಿಯಲ್ಲಿರುವ ಈ ತಿದ್ದುಪಡಿ ಗಡುವು ತಪ್ಪಿದವರಿಗೆ ಒಂದು ವಾದವನ್ನು ಕೊಡುತ್ತದೆ. ಆದರೆ ಅದು ವಾದವಷ್ಟೇ. ತಾರೀಖಿನೊಳಗೆ ನೋಟಿಸು ಕೊಟ್ಟವರಿಗೆ ಆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ಫೈನಲ್ ಬಿಲ್ಲಿನ ಸಹಿ

ವಿವಾದದ ನೋಟಿಸು ಸರಿಯಾಗಿದ್ದರೂ ಅದನ್ನು ಕೆಡಿಸುವ ಒಂದು ಗಳಿಗೆ ಬರುತ್ತದೆ. ಫೈನಲ್ ಬಿಲ್ಲು ತಯಾರಾದಾಗ ‘ಈ ಕಾಮಗಾರಿಗೆ ಸಂಬಂಧಿಸಿ ಪೂರ್ಣ ಮತ್ತು ಅಂತಿಮವಾಗಿ ಹಣ ಸ್ವೀಕರಿಸಿದ್ದೇನೆ, ಬೇರೆ ಯಾವ ಬಾಕಿಯೂ ಇಲ್ಲ’ ಎಂಬ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. ಭದ್ರತಾ ಠೇವಣಿ ವಾಪಸ್ ಬರಬೇಕು, ಸಾಲ ತೀರಿಸಬೇಕು ಎಂಬ ಒತ್ತಡದಲ್ಲಿ ಗುತ್ತಿಗೆದಾರರು ಸಹಿ ಹಾಕಿಬಿಡುತ್ತಾರೆ. ಆಮೇಲೆ 38 ಲಕ್ಷದ ವಿವಾದ ಉಳಿದಿದೆ ಎಂದರೆ, ಆ ಸಹಿಯೇ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ಒತ್ತಾಯದಿಂದ ಸಹಿ ಮಾಡಿದ್ದೆ ಎಂದು ಸಾಬೀತುಪಡಿಸುವ ಹೊರೆ ಗುತ್ತಿಗೆದಾರರ ಹೆಗಲಿಗೆ ಬೀಳುತ್ತದೆ.

ಇದಕ್ಕೆ ಉಪಾಯ ಸರಳ. ಸಹಿಯ ಪಕ್ಕದಲ್ಲೇ ‘ಆಕ್ಷೇಪಣೆಯೊಂದಿಗೆ, ಇಂಥ ತಾರೀಖಿನ ವಿವಾದದ ನೋಟಿಸಿಗೆ ಒಳಪಟ್ಟು ಸ್ವೀಕರಿಸಿದೆ’ ಎಂದು ಬರೆಯಬೇಕು. ಹಾಗೆ ಬರೆಯಲು ಬಿಡದಿದ್ದರೆ ಅದೇ ದಿನ ಪತ್ರ ಬರೆದು ಟಪಾಲಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು. ವಾರಗಳ ನಂತರ ಬರೆದ ಆಕ್ಷೇಪಣೆಗೆ ಅಷ್ಟು ಬೆಲೆಯಿರುವುದಿಲ್ಲ.

ಎಲ್ಲ ಕರಾರಿನ ದಾರಿಯೂ ಒಂದೇ ಅಲ್ಲ

ಇಲ್ಲಿ ಹೇಳಿದ 90 ದಿನಗಳ ಲೆಕ್ಕ 29ನೆಯ ಷರತ್ತಿನದು. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರುಗಳಲ್ಲಿ ವಿವಾದದ ಷರತ್ತು 25ನೆಯದು. ಅಲ್ಲಿ ಮೊದಲ ಪತ್ರಕ್ಕೆ ಬಹುಕಾಲದಿಂದ ಇರುವ ಗಡುವು ಕೇವಲ 15 ದಿನ. ವಿಶ್ವ ಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲದ ದೊಡ್ಡ ಕಾಮಗಾರಿಗಳಲ್ಲಿ ಫಿಡಿಕ್ ಎಂಬ ಅಂತಾರಾಷ್ಟ್ರೀಯ ನಮೂನೆಯ ಷರತ್ತುಗಳು ಬರುತ್ತವೆ. ಅದರ 2017ರ ಆವೃತ್ತಿಯಲ್ಲಿ ಎಂಜಿನಿಯರರ ತೀರ್ಮಾನ ಒಪ್ಪದವರು 28 ದಿನಗಳೊಳಗೆ ಅಸಮ್ಮತಿಯ ನೋಟಿಸು ಕೊಡಬೇಕು. ಆಮೇಲೆ ವಿವಾದ ಹೋಗುವುದು ಸ್ವತಂತ್ರ ವಿವಾದ ಮಂಡಳಿಗೆ, ಅದರ ನಂತರವೇ ಆರ್ಬಿಟ್ರೇಶನ್ನಿಗೆ. ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಕೇಂದ್ರದ ಕರಾರುಗಳಲ್ಲಿ ಆರ್ಬಿಟ್ರೇಶನ್ನನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಸೀಮಿತಗೊಳಿಸಲು ಹೇಳಿದೆ. ಆದ್ದರಿಂದ ಹಿಂದಿನ ಕಾಮಗಾರಿಯ ನೋಟಿಸನ್ನೇ ನಕಲು ಮಾಡಿ ಹೊಸ ಕಾಮಗಾರಿಗೆ ಹಾಕುವುದು ಅಪಾಯ. ಷರತ್ತಿನ ಸಂಖ್ಯೆ ಒಂದೇ ಇದ್ದರೂ ಒಳಗಿನ ಪಠ್ಯ ಬದಲಾಗಿರಬಹುದು.

ಗುತ್ತಿಗೆದಾರರು ಈ ವಾರವೇ ಒಂದು ಕೆಲಸ ಮಾಡಬಹುದು. ಚಾಲ್ತಿಯಲ್ಲಿರುವ ಪ್ರತಿ ಕರಾರಿನ ವಿವಾದದ ಷರತ್ತನ್ನು ತೆರೆದು, ಯಾರಿಗೆ ಬರೆಯಬೇಕು, ಎಷ್ಟು ದಿನಗಳೊಳಗೆ, ಅವರು ಉತ್ತರಿಸದಿದ್ದರೆ ಮುಂದೆ ಎಲ್ಲಿಗೆ ಎಂಬ ಮೂರು ಉತ್ತರಗಳನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ. ಉತ್ತರ ಸ್ಪಷ್ಟವಾಗದಿದ್ದರೆ ಹಿಂಬರಹ ಬರುವವರೆಗೆ ಕಾಯದೆ, ಕಾಮಗಾರಿ ಕರಾರು ಬಲ್ಲ ವಕೀಲರನ್ನು ಈಗಲೇ ಕೇಳಿ.